ಹಲ್ಲು ಕಾಯುವುದು ಜಗಿತವೋ, ಕ್ಸೈಲಿಟಾಲೋ?

1970ರ ದಶಕದ ಮೊದಲರ್ಧದಲ್ಲಿ ಫಿನ್ಲೆಂಡಿನ ತುರ್ಕು ವಿಶ್ವವಿದ್ಯಾಲಯದಲ್ಲಿ ಒಂದು ಪ್ರಯೋಗ ನಡೆಯಿತು. ಅದರಲ್ಲಿ ಸೇರಿಕೊಂಡ ನೂರು ಚಿಲ್ಲರೆ ಜನ ಮಾಡಬೇಕಾಗಿದ್ದ ಕೆಲಸ ಒಂದೇ: ಒಂದು ವರ್ಷ ದಿನಕ್ಕೆ ನಾಲ್ಕೈದು ಸಲ ಚೂಯಿಂಗ್ ಗಮ್ ಜಗಿಯುವುದು. ಹೆಚ್ಚುಕಡಿಮೆ ಅರ್ಧ ಜನಕ್ಕೆ ಮಾಮೂಲಿ ಸಕ್ಕರೆ ಗಮ್ ಕೊಟ್ಟರು. ಉಳಿದವರಿಗೆ ಕೊಟ್ಟ ಗಮ್‌ನಲ್ಲಿ ಸಕ್ಕರೆಯ ಬದಲು ಕ್ಸೈಲಿಟಾಲ್ ಎಂಬ ಸಿಹಿ ಇತ್ತು. ವರ್ಷ ಕಳೆದ ಮೇಲೆ ಅರ್ಯೆ ಶೈನಿನ್, ಕೌಕೊ ಮ್ಯಾಕಿನೆನ್ ಮತ್ತು ಅವರ ಸಂಗಡಿಗರು ಹಲ್ಲುಗಳನ್ನು ಮತ್ತೆ ಪರೀಕ್ಷಿಸಿದರು. ಸಕ್ಕರೆ ಗಮ್ ಜಗಿದವರಲ್ಲಿ ತಲಾ ಸುಮಾರು ಮೂರು ಹಲ್ಲಿನ ಮೈಗಳಿಗೆ ಹೊಸದಾಗಿ ಹುಳುಕು ಹತ್ತಿತ್ತು. ಕ್ಸೈಲಿಟಾಲ್ ಗುಂಪಿನ ಲೆಕ್ಕ ಸೊನ್ನೆಗಿಂತ ಕೆಳಗೆ, ಸುಮಾರು ಮೈನಸ್ ಒಂದಕ್ಕೆ ಬಂದು ನಿಂತಿತ್ತು.

ಹುಳುಕು ಮೈನಸ್ ಆಗುವುದು ಹೇಗೆ? ಕೊರೆದ ತೂತು ತಾನಾಗಿ ಮುಚ್ಚಿಕೊಳ್ಳುವುದಿಲ್ಲ, ಅದು ನಿಜ. ಆದರೆ ತೂತಾಗುವ ಮೊದಲು ಹಲ್ಲಿನ ಮೇಲೆ ಸುಣ್ಣ ಬಳಿದ ಹಾಗೆ ಬಿಳಿ ಮಚ್ಚೆಯೊಂದು ಮೂಡುತ್ತದೆ. ಎನಾಮಲ್ ಒಳಗಿನಿಂದ ಖನಿಜ ಕಳೆದುಕೊಂಡಿದೆ, ಮೇಲ್ಪದರ ಇನ್ನೂ ಕುಸಿದಿಲ್ಲ ಎನ್ನುವ ಸೂಚನೆ ಅದು. ಆ ಹಂತದಲ್ಲಿ ಖನಿಜ ವಾಪಸ್ ಸೇರಿ ಮಚ್ಚೆ ಮತ್ತೆ ಗಟ್ಟಿಯಾಗಲು ಅವಕಾಶವಿದೆ. ತುರ್ಕುವಿನವರು ಇಂಥ ಆರಂಭದ ಮಚ್ಚೆಗಳನ್ನೂ ಎಣಿಕೆಗೆ ಹಿಡಿದಿದ್ದರು. ಹಾಗಾಗಿ ಹೊಸದಾಗಿ ಹುಟ್ಟಿದ ಮಚ್ಚೆಗಳಿಗಿಂತ ವಾಸಿಯಾದವು ಹೆಚ್ಚಾದಾಗ ಲೆಕ್ಕ ಮೈನಸ್‌ಗೆ ಇಳಿಯಿತು.

ಫಲಿತಾಂಶ 1975ರಲ್ಲಿ ಪ್ರಕಟವಾಯಿತು, ಅದೇ ವರ್ಷ ಕ್ಸೈಲಿಟಾಲ್ ಗಮ್ ಫಿನ್ಲೆಂಡಿನ ಅಂಗಡಿಗಳಿಗೂ ಬಂತು. ಈಗಲೂ ಅಲ್ಲಿನ ಅನೇಕ ಶಿಶುವಿಹಾರಗಳಲ್ಲಿ ಊಟವಾದ ಮೇಲೆ ಮಕ್ಕಳಿಗೆ ಕ್ಸೈಲಿಟಾಲ್ ಪೆಪ್ಪರಮೆಂಟು ಹಂಚುತ್ತಾರೆ. ನಮ್ಮ ಅಂಗಡಿಗಳಲ್ಲಿ ಸಿಗುವ ಸಕ್ಕರೆರಹಿತ ಗಮ್ ಡಬ್ಬಿಗಳ ಹಿಂದೆಯೂ ಆ ಪ್ರಯೋಗದ ಕೀರ್ತಿ ಇದೆ.

ಆದರೆ ಅದೇ ಪ್ರಯೋಗದಲ್ಲಿ ಒಂದು ದೊಡ್ಡ ಕೊರತೆಯೂ ಇತ್ತು. ಎರಡೂ ಗುಂಪಿನವರು ಜಗಿದಿದ್ದರು. ಗಮ್ ಮುಟ್ಟದವರ ಗುಂಪು ಇರಲಿಲ್ಲ, ಕ್ಸೈಲಿಟಾಲ್ ಅಲ್ಲದ ಬೇರೆ ನಿರಪಾಯಕಾರಿ ಸಿಹಿ ಹಾಕಿದ ಗಮ್‌ನ ಗುಂಪೂ ಇರಲಿಲ್ಲ. ಹಲ್ಲು ಉಳಿಸಿದ್ದು ಕ್ಸೈಲಿಟಾಲೋ, ಜಗಿತವೋ, ಅಥವಾ ಸಕ್ಕರೆ ಇಲ್ಲದೆ ಹೋದದ್ದೇ ಸಾಕಾಯಿತೋ? ಈ ಪ್ರಶ್ನೆಗೆ ಉತ್ತರ ಹುಡುಕಲು ಮುಂದೆ ದಶಕಗಳೇ ಹಿಡಿದವು. ಸಿಕ್ಕಿದ ಉತ್ತರ ಡಬ್ಬಿಯ ಮುಂಭಾಗದಲ್ಲಿ ಬರೆದಿರುವಷ್ಟು ಸರಳವಾಗಿಲ್ಲ. ಅದನ್ನು ತಿಳಿಯಬೇಕಾದರೆ ಮೊದಲು ಒಂದು ಲೋಟ ಕಾಫಿ ಕುಡಿದ ಮೇಲೆ ಬಾಯೊಳಗೆ ಏನಾಗುತ್ತದೆ ಎಂದು ನೋಡಬೇಕು.

ಹಲ್ಲಿಗೆ ಸದಾ ತೆಳುವಾದ ಲೋಳೆಪದರವೊಂದು ಅಂಟಿಕೊಂಡಿರುತ್ತದೆ. ವೈದ್ಯರು ಅದನ್ನು ಪ್ಲಾಕ್ ಎನ್ನುತ್ತಾರೆ. ಬೆಳಿಗ್ಗೆ ಎದ್ದಾಗ ನಾಲಿಗೆ ಆಡಿಸಿದರೆ ಜಿಬರಾಗಿ ತಾಕುವುದು ಅದೇ. ಅದರ ತುಂಬ ಬ್ಯಾಕ್ಟೀರಿಯಾ. ಸಕ್ಕರೆ ಹಾಕಿದ ಕಾಫಿ ಗಂಟಲಿಗಿಳಿಯುವಷ್ಟರಲ್ಲಿ ಅವು ಸಕ್ಕರೆಯನ್ನು ಹೀರಿ ಆಮ್ಲ ಉಗುಳಲು ಶುರುಮಾಡುತ್ತವೆ. ಕೆಲವೇ ನಿಮಿಷಗಳಲ್ಲಿ ಪ್ಲಾಕ್‌ನ ಪಿಎಚ್ 5.5ಕ್ಕಿಂತ ಕೆಳಗಿಳಿಯುತ್ತದೆ. ಹೆಚ್ಚುಕಡಿಮೆ ಅಲ್ಲಿಂದ ಎನಾಮಲ್‌ನ ಖನಿಜ ಕರಗತೊಡಗುತ್ತದೆ. ಆಮೇಲೆ ಜೊಲ್ಲು ಆ ಆಮ್ಲವನ್ನು ನಿಧಾನವಾಗಿ ತೊಳೆದು, ತಟಸ್ಥಗೊಳಿಸಿ, ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಪಿಎಚ್ ಅನ್ನು ಹಳೆಯ ಮಟ್ಟಕ್ಕೆ ತರುತ್ತದೆ. ಈ ಇಳಿತ ಏರಿಕೆಯನ್ನು 1940ರ ದಶಕದಲ್ಲಿ ಅಮೆರಿಕದ ರಾಬರ್ಟ್ ಸ್ಟೀಫನ್ ಅಳೆದು ತೋರಿಸಿದರು. ದಂತವೈದ್ಯಕೀಯ ಓದುವವರೆಲ್ಲ ಇಂದಿಗೂ ಸ್ಟೀಫನ್ ರೇಖೆ ಬರೆದೇ ಪರೀಕ್ಷೆ ದಾಟಬೇಕು.

ಈ ರೇಖೆಯನ್ನು ಬೆಂಗಳೂರಿನ ಕಚೇರಿಯೊಂದರಲ್ಲಿ ಕೂತು ಕೆಲಸ ಮಾಡುವವರ ದಿನಕ್ಕೆ ಹೊಂದಿಸಿ ನೋಡೋಣ. ಬೆಳಿಗ್ಗೆ ಎಂಟೂವರೆಗೆ ತಿಂಡಿ, ಜೊತೆಗೆ ಕಾಫಿ. ಹನ್ನೊಂದಕ್ಕೆ ಇನ್ನೊಂದು ಕಾಫಿ. ಒಂದೂವರೆಗೆ ಊಟ. ನಾಲ್ಕಕ್ಕೆ ಚಹಾ, ಎರಡು ಬಿಸ್ಕತ್ತು. ಆರೂವರೆಗೆ ಮನೆಗೆ ಹೊರಡುವ ಮೊದಲು ಮತ್ತೊಂದು ಚಹಾ. ರಾತ್ರಿ ಊಟ. ಒಟ್ಟು ಆರು ಸಲ ಪಿಎಚ್ ಕುಸಿಯಿತು. ಪ್ರತಿ ಸಲ ಅರ್ಧ ಗಂಟೆ ಅಪಾಯದ ಮಟ್ಟದಲ್ಲಿ ಇತ್ತು ಎಂದು ಹಿಡಿದರೂ ದಿನಕ್ಕೆ ಮೂರು ಗಂಟೆ ಹಲ್ಲು ಆಮ್ಲದಲ್ಲಿ ನೆನೆದಂತಾಯಿತು. ಬಿಸ್ಕತ್ತಿನ ಹಿಟ್ಟು ದವಡೆ ಹಲ್ಲಿನ ಗೆರೆಗಳಲ್ಲಿ ಮೆತ್ತಿಕೊಂಡಿದ್ದರೆ ಇನ್ನೂ ಹೆಚ್ಚು. ಇಲ್ಲಿ ಲೆಕ್ಕಕ್ಕೆ ಬರುವುದು ಎಷ್ಟು ಸಕ್ಕರೆ ತಿಂದಿರಿ ಎನ್ನುವುದಕ್ಕಿಂತ ಎಷ್ಟು ಸಲ ತಿಂದಿರಿ, ಅದು ಎಷ್ಟು ಹೊತ್ತು ಬಾಯಲ್ಲಿ ಉಳಿಯಿತು ಎನ್ನುವುದು. ಒಂದೇ ಕೂತದ್ದಕ್ಕೆ ನಾಲ್ಕು ಹೋಳಿಗೆ ಬಾರಿಸಿದವರ ಹಲ್ಲಿಗಿಂತ, ಕಂಪ್ಯೂಟರಿನ ಪಕ್ಕ ಲೋಟ ಇಟ್ಟುಕೊಂಡು ಎರಡು ಗಂಟೆ ಹನಿಹನಿಯಾಗಿ ಕಾಫಿ ಹೀರುವವರ ಹಲ್ಲಿಗೆ ಏಟು ಜಾಸ್ತಿ.

ಕುಸಿದ ಪಿಎಚ್ ಅನ್ನು ಮೇಲೆತ್ತುವ ಕೆಲಸ ಪೂರ್ತಿ ಜೊಲ್ಲಿನದು. ಸುಮ್ಮನೆ ಕೂತಿರುವಾಗ ನಿಮಿಷಕ್ಕೆ ಸುಮಾರು 0.3 ಮಿಲಿಲೀಟರ್ ಜೊಲ್ಲು ಊರುತ್ತದೆ. ಆರೇಳು ಹನಿ ಎಂದುಕೊಳ್ಳಿ. ಇದರಲ್ಲಿ ಹೆಚ್ಚಿನ ಪಾಲು ಕೆಳದವಡೆಯ ಒಳಗಿರುವ ಗ್ರಂಥಿಗಳದು, ಸ್ವಲ್ಪ ಅಂಟಂಟು. ಬಾಯಿಗೆ ಗಮ್ ಹಾಕಿ ಜಗಿಯಲು ಶುರುಮಾಡಿದ ಕೂಡಲೇ ಇನ್ನೊಂದು ಜೋಡಿ ಎಚ್ಚರಗೊಳ್ಳುತ್ತದೆ: ಕಿವಿಯ ಮುಂದೆ, ಮಂಗನಬಾವು ಬಂದಾಗ ಊದಿಕೊಳ್ಳುತ್ತವಲ್ಲ, ಆ ಗ್ರಂಥಿಗಳು. ಅವುಗಳ ನಾಳ ಮೇಲಿನ ದವಡೆ ಹಲ್ಲಿನ ಎದುರಿಗೆ, ಕೆನ್ನೆಯ ಒಳಮೈಗೆ ತೆರೆದುಕೊಳ್ಳುತ್ತದೆ. ಕನ್ನಡಿಯ ಮುಂದೆ ಕೆನ್ನೆ ಎಳೆದು ನೋಡಿದರೆ ಅಲ್ಲಿ ಸಣ್ಣ ಗುಬುಟೊಂದು ಕಾಣುತ್ತದೆ. ಅಲ್ಲಿಂದ ಬರುವ ಜೊಲ್ಲು ನೀರಿನಷ್ಟು ತೆಳು.

ಮೊದಲ ಒಂದೆರಡು ನಿಮಿಷ ಸಿಹಿ, ಪುದಿನದ ಘಾಟು, ಜಗಿತ ಮೂರೂ ಸೇರಿ ಜೊಲ್ಲನ್ನು ನಿಮಿಷಕ್ಕೆ ಐದಾರು ಮಿಲಿಲೀಟರಿನವರೆಗೂ ಏರಿಸಬಲ್ಲವು. ರುಚಿ ಕರಗುತ್ತ ಬಂದಂತೆ ಹರಿವು ಇಳಿಯುತ್ತದೆ. ಆದರೆ ಹತ್ತು ಹದಿನೈದು ನಿಮಿಷದ ನಂತರ, ಗಮ್ ಸಪ್ಪೆಯಾಗಿ ರಬ್ಬರಿನಂತಾದ ಮೇಲೂ, ಸುಮ್ಮನಿರುವಾಗಿನ ಎರಡು ಮೂರು ಪಟ್ಟು ಜೊಲ್ಲು ಊರುತ್ತಲೇ ಇರುತ್ತದೆ. ರುಚಿ ಹೋಯಿತೆಂದು ಮೂರನೇ ನಿಮಿಷಕ್ಕೇ ಉಗುಳುವವರು ಅರ್ಧ ಲಾಭವನ್ನು ಕಸದ ಬುಟ್ಟಿಗೆ ಹಾಕುತ್ತಾರೆ.

ಜೊಲ್ಲು ಹೆಚ್ಚಾಗುವುದರ ಜೊತೆಗೆ ಅದರ ಗುಣವೂ ಬದಲಾಗುತ್ತದೆ, ಅಸಲು ವಿಷಯ ಇಲ್ಲಿದೆ. ಜೊಲ್ಲು ಗ್ರಂಥಿಯಿಂದ ನಿಧಾನವಾಗಿ ಬರುವಾಗ ಅದರಲ್ಲಿ ಬೈಕಾರ್ಬನೇಟ್ ತೀರ ಕಡಿಮೆ ಇರುತ್ತದೆ. ಹರಿವು ಜೋರಾದಾಗ ಅದು ಹಲವು ಪಟ್ಟು ಏರುತ್ತದೆ. ಅಡುಗೆ ಸೋಡಾದಲ್ಲಿ ಆಮ್ಲವನ್ನು ಕೊಲ್ಲುವ ಅಂಶ ಯಾವುದೋ ಅದೇ ಇದು. ಜೊತೆಗೆ ಕ್ಯಾಲ್ಸಿಯಂ, ಫಾಸ್ಫೇಟ್‌ಗಳೂ ಜೊಲ್ಲಿನಲ್ಲಿವೆ, ಹಲ್ಲು ಕಳೆದುಕೊಂಡದ್ದೂ ಅವನ್ನೇ. ಪಿಎಚ್ ಮೇಲೇರಿದಾಗ ಅವು ಎನಾಮಲ್ ಕಡೆಗೆ ವಾಪಸಾಗುತ್ತವೆ. ಕಾಫಿಯ ನಂತರ ಇಪ್ಪತ್ತು ನಿಮಿಷ ಸಕ್ಕರೆರಹಿತ ಗಮ್ ಜಗಿದವರಲ್ಲಿ ಪ್ಲಾಕ್‌ನ ಪಿಎಚ್ ಅರ್ಧ ಗಂಟೆಗೂ ಹೆಚ್ಚು ಕಾಲ ತಳದಲ್ಲಿ ಮಲಗುವ ಬದಲು, ಜಗಿಯುತ್ತಿರುವಾಗಲೇ ಸುರಕ್ಷಿತ ಮಟ್ಟಕ್ಕೆ ಏರುತ್ತದೆ. ಈ ಕೆಲಸದಲ್ಲಿ ಕ್ಸೈಲಿಟಾಲ್‌ನ ಪಾತ್ರ ಏನೂ ಇಲ್ಲ. ಸಕ್ಕರೆ ಇಲ್ಲದ ಯಾವ ಗಮ್ ಆದರೂ ಇಷ್ಟನ್ನು ಮಾಡುತ್ತದೆ.

ಹಾಗಾದರೆ ಕ್ಸೈಲಿಟಾಲ್ ಏನು ಮಾಡುತ್ತದೆ? ಮೊದಲು ಅದರ ಪರಿಚಯ. 1890ರ ಸುಮಾರಿಗೆ ಜರ್ಮನಿಯಲ್ಲಿ ಎಮಿಲ್ ಫಿಷರ್ ಮತ್ತು ಫ್ರಾನ್ಸಿನಲ್ಲಿ ಬರ್ಟ್ರಾಂಡ್ ಬೇರೆಬೇರೆಯಾಗಿ ಇದನ್ನು ತಯಾರಿಸಿದ್ದರು. ಫಿನ್ಲೆಂಡಿನವರು ತಮ್ಮಲ್ಲಿ ಹೇರಳವಾಗಿರುವ ಬರ್ಚ್ ಮರದ ನಾರಿನಿಂದ ತೆಗೆದರು, ಈಗ ಮೆಕ್ಕೆಜೋಳದ ದಿಂಡಿನಿಂದಲೂ ತೆಗೆಯುತ್ತಾರೆ. ಸಕ್ಕರೆಯಷ್ಟೇ ಸಿಹಿ. ಕರಗುವಾಗ ಶಾಖ ಹೀರುವುದರಿಂದ ನಾಲಿಗೆಗೆ ತಣ್ಣಗೆ ತಾಕುತ್ತದೆ.

ಹುಳುಕಿಗೆ ಕಾರಣವಾಗುವ ಬ್ಯಾಕ್ಟೀರಿಯಾಗಳಲ್ಲಿ ಕುಖ್ಯಾತವಾದದ್ದು ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್. ಅದು ಹಣ್ಣಿನ ಸಕ್ಕರೆಯಾದ ಫ್ರಕ್ಟೋಸನ್ನು ಒಳಗೆಳೆದುಕೊಳ್ಳುವ ದಾರಿಯಲ್ಲೇ ಕ್ಸೈಲಿಟಾಲನ್ನೂ ಎಳೆದುಕೊಳ್ಳುತ್ತದೆ. ಎಳೆದುಕೊಳ್ಳುವಾಗ ತನ್ನ ಶಕ್ತಿ ಖರ್ಚುಮಾಡಿ ಅದಕ್ಕೊಂದು ಫಾಸ್ಫೇಟ್ ಅಂಟಿಸುತ್ತದೆ. ಆದರೆ ಅದನ್ನು ಅರಗಿಸಿಕೊಳ್ಳುವ ಕಿಣ್ವ ಅದರ ಬಳಿ ಇಲ್ಲ. ಒಳಗೆ ರಾಶಿಬಿದ್ದರೆ ಅದಕ್ಕೇ ವಿಷ. ಹಾಗಾಗಿ ಅಂಟಿಸಿದ ಫಾಸ್ಫೇಟ್ ಕಿತ್ತು, ಕ್ಸೈಲಿಟಾಲನ್ನು ಹೊರದಬ್ಬಬೇಕು. ಹೊರಬಿದ್ದದ್ದು ಮತ್ತೆ ಒಳಗೆ ಬರುತ್ತದೆ. ತೂತು ಕೊಡದಲ್ಲಿ ನೀರು ಸೇದಿದ ಹಾಗೆ ಶಕ್ತಿಯೆಲ್ಲ ಸೋರಿ ಬೆಳವಣಿಗೆ ಕುಂಟುತ್ತದೆ, ಆಮ್ಲವೂ ಹುಟ್ಟುವುದಿಲ್ಲ.

ಬ್ಯಾಕ್ಟೀರಿಯಾಗಳೂ ಸುಲಭಕ್ಕೆ ಸೋಲುವ ಜಾತಿಯಲ್ಲ. ತಿಂಗಳುಗಟ್ಟಲೆ ಕ್ಸೈಲಿಟಾಲ್ ಸಿಗುತ್ತಿದ್ದರೆ, ಅದನ್ನು ಒಳಗೆ ಬಿಟ್ಟುಕೊಳ್ಳದ ತಳಿಗಳು ಮೇಲುಗೈ ಸಾಧಿಸುತ್ತವೆ. ಔಷಧಕ್ಕೆ ಬಗ್ಗದ ರೋಗಾಣುಗಳ ಕಥೆ ಕೇಳಿ ಹೆದರಿದವರಿಗೆ ಇದು ಕೆಟ್ಟ ಸುದ್ದಿಯಂತೆ ಕಾಣಬಹುದು. ಸಂಶೋಧಕರ ವಿವರಣೆ ಬೇರೆ: ಇಂಥ ತಳಿಗಳು ಹಲ್ಲಿಗೆ ಅಂಟಿಕೊಳ್ಳುವುದರಲ್ಲಿ ಹಿಂದೆ, ಜೊಲ್ಲಿನ ಜೊತೆ ಸುಲಭವಾಗಿ ಕಳಚಿಹೋಗುತ್ತವೆ. ಜಗಿತದಿಂದ ಬರುವ ಜೊಲ್ಲು ಇಲ್ಲಿಯೂ ನೆರವಿಗಿದೆ.

ಕಾಗದದ ಮೇಲೆ ಎರಡಕ್ಕೂ ಕೆಲಸವಿದೆ ಎಂದಾಯಿತು. ನಿಜವಾದ ಬಾಯಿಗಳಲ್ಲಿ ಯಾರ ಪಾಲು ಎಷ್ಟು?

ಮಧ್ಯ ಅಮೆರಿಕದ ಬೆಲೀಜ್ ದೇಶದಲ್ಲಿ ಮ್ಯಾಕಿನೆನ್ ಅವರ ತಂಡ ಹತ್ತು ವರ್ಷದ ಆಸುಪಾಸಿನ ಸಾವಿರಕ್ಕೂ ಹೆಚ್ಚು ಶಾಲಾಮಕ್ಕಳ ಮೇಲೆ 40 ತಿಂಗಳು ನಡೆಸಿದ ಅಧ್ಯಯನ 1995ರಲ್ಲಿ ಹೊರಬಂತು. ಈ ಸಲ ಗಮ್ ಜಗಿಯದವರ ಗುಂಪೂ ಇತ್ತು, ಸಾರ್ಬಿಟಾಲ್ ಎಂಬ ಅಗ್ಗದ ಸಿಹಿ ಹಾಕಿದ ಗಮ್‌ನ ಗುಂಪೂ ಇತ್ತು. ಗಮ್ ಜಗಿಯದವರಿಗೆ ಹೋಲಿಸಿದರೆ ಸಕ್ಕರೆ ಗಮ್‌ನವರಲ್ಲಿ ಹುಳುಕು ತುಸು ಹೆಚ್ಚಾಯಿತು. ಸಾರ್ಬಿಟಾಲ್ ಗಮ್‌ನವರಲ್ಲಿ ಅದರ ಅಪಾಯ ಕಾಲುಭಾಗದಷ್ಟು ಇಳಿಯಿತು. ಪೂರ್ತಿ ಕ್ಸೈಲಿಟಾಲ್ ಹಾಕಿದ ಗುಳಿಗೆ ಜಗಿದವರಲ್ಲಿ ಮುಕ್ಕಾಲು ಭಾಗದಷ್ಟು ಇಳಿಯಿತು. ಕ್ಸೈಲಿಟಾಲ್ ಪಕ್ಷದವರಿಗೆ ಇದಕ್ಕಿಂತ ಸಿಹಿ ಸುದ್ದಿ ಇರಲಿಲ್ಲ.

2001ರಲ್ಲಿ ಬಂದ ಎರಡು ವರದಿಗಳು ಬೇರೆ ಕಥೆ ಹೇಳಿದವು. ಹಂಗೇರಿಯ ಬುಡಾಪೆಸ್ಟ್‌ನಲ್ಲಿ ಶಾಲಾಮಕ್ಕಳಿಗೆ ಎರಡು ವರ್ಷ, ದಿನಕ್ಕೆ ಮೂರು ಸಲ, ಊಟ ತಿಂಡಿಯಾದ ಮೇಲೆ ಇಪ್ಪತ್ತು ನಿಮಿಷ ಗಮ್ ಜಗಿಸಿದರು. ಅದು ಸಾರ್ಬಿಟಾಲ್ ಗಮ್. ಆದರೂ ಹೊಸ ಹುಳುಕು ಮೂರನೇ ಒಂದು ಭಾಗದಷ್ಟು ಕಡಿಮೆಯಾಯಿತು. ಲಿಥುವೇನಿಯಾದ ಅಧ್ಯಯನ ಇನ್ನೂ ಚಾಣಾಕ್ಷವಾಗಿತ್ತು. ಅಲ್ಲಿ ಮೂರು ವರ್ಷ ಒಂದು ಗುಂಪಿಗೆ ಕ್ಸೈಲಿಟಾಲ್ ಗಮ್, ಇನ್ನೊಂದಕ್ಕೆ ಸಾರ್ಬಿಟಾಲ್ ಗಮ್, ಮತ್ತೊಂದಕ್ಕೆ ಇವೆರಡೂ ಇಲ್ಲದ ಗಮ್, ಬೇರೊಂದಕ್ಕೆ ಗಮ್ಮೇ ಇಲ್ಲ. ಜಗಿದವರಿಗೂ ಜಗಿಯದವರಿಗೂ ವ್ಯತ್ಯಾಸ ಕಂಡಿತು. ಜಗಿದವರ ಗುಂಪುಗಳ ನಡುವೆ ಹೇಳಿಕೊಳ್ಳುವಂಥದ್ದು ಕಾಣಲಿಲ್ಲ. ಗಮ್‌ನ ಸಿಹಿಗಿಂತ ಜಗಿಯುವ ಕ್ರಿಯೆಯೇ ಹಲ್ಲನ್ನು ಕಾಯುತ್ತದೆ ಎಂದು ಅವರು ಬರೆದರು.

ಇದರ ಉಲ್ಟಾ ಪರೀಕ್ಷೆಯನ್ನು ಅಮೆರಿಕದವರು ಮಾಡಿದರು. ಅಲ್ಲಿ ಜಗಿಯುವುದೇ ಇಲ್ಲ, ಚೀಪುವುದಷ್ಟೆ. 700ಕ್ಕೆ ಹತ್ತಿರದಷ್ಟು ವಯಸ್ಕರಿಗೆ 33 ತಿಂಗಳು ದಿನಕ್ಕೆ ಐದು ಗ್ರಾಂ ಕ್ಸೈಲಿಟಾಲ್ ಚೀಪುಮಾತ್ರೆ ಕೊಟ್ಟು, 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಟ್ಟಾರೆ ಹುಳುಕು ಶೇಕಡ ಹತ್ತರಷ್ಟು ಇಳಿದಂತೆ ಕಂಡರೂ ಅದು ಕಾಕತಾಳೀಯವಾಗಿರುವ ಸಾಧ್ಯತೆಯನ್ನು ತಳ್ಳಿಹಾಕಲು ಆಗಲಿಲ್ಲ. ಒಸಡು ಇಳಿದು ಬೇರು ಹೊರಗೆ ಕಾಣುವವರಲ್ಲಿ ಮಾತ್ರ ಬೇರಿನ ಹುಳುಕು ಗಣನೀಯವಾಗಿ ಕಡಿಮೆಯಾಗಿತ್ತು. 2015ರಲ್ಲಿ ಕಾಕ್ರೇನ್ ಸಂಸ್ಥೆ ಕ್ಸೈಲಿಟಾಲ್ ಕುರಿತ ಅಧ್ಯಯನಗಳನ್ನು ಜರಡಿ ಹಿಡಿದಾಗ, ಫ್ಲೋರೈಡ್ ಪೇಸ್ಟಿಗೆ ಅದನ್ನು ಬೆರೆಸಿದಾಗ ಮಕ್ಕಳಿಗೆ ಸ್ವಲ್ಪ ಹೆಚ್ಚಿನ ಉಪಯೋಗವಾಗಬಹುದು, ಉಳಿದ ರೂಪಗಳಿಗೆ ಪುರಾವೆ ಸಾಲದು ಎಂದಿತು. 2020ರಲ್ಲಿ ಸಕ್ಕರೆರಹಿತ ಗಮ್ ಕುರಿತ ಅಧ್ಯಯನಗಳನ್ನು ಒಟ್ಟು ಮಾಡಿದ ಇನ್ನೊಂದು ವಿಮರ್ಶೆಯಲ್ಲಿ ಹುಳುಕು ಸರಾಸರಿ ಶೇಕಡ 28ರಷ್ಟು ತಗ್ಗುತ್ತದೆ ಎಂದು ಬಂತು. ಈ ಕ್ಷೇತ್ರದ ಹಲವು ಅಧ್ಯಯನಗಳಿಗೆ ಗಮ್ ಕಂಪನಿಗಳ ಹಣವೂ ಸೇರಿದೆ ಎಂಬುದನ್ನು ಓದುಗರು ಮನಸ್ಸಿನಲ್ಲಿಟ್ಟುಕೊಂಡರೆ ಒಳ್ಳೆಯದು.

ಇಷ್ಟನ್ನು ಒಟ್ಟಿಗಿಟ್ಟು ನೋಡಿದರೆ ನನಗೆ ಕಾಣುವುದು ಇದು: ಗಮ್‌ನಿಂದ ಬರುವ ಲಾಭದ ಹೆಚ್ಚಿನ ಪಾಲು ಜಗಿತದ್ದು, ಅಂದರೆ ಜೊಲ್ಲಿನದು. ಕ್ಸೈಲಿಟಾಲ್ ಅದರ ಮೇಲೆ ಇನ್ನಷ್ಟು ಸೇರಿಸಬಲ್ಲದು, ಆದರೆ ಸಾಕಷ್ಟು ಪ್ರಮಾಣದಲ್ಲಿ, ಬಹಳ ಕಾಲ, ದಿನವೂ ಸಿಕ್ಕಿದರೆ ಮಾತ್ರ.

ಒಂದು ವಿಷಯದಲ್ಲಿ ಮಾತ್ರ ಕ್ಸೈಲಿಟಾಲ್‌ಗೆ ತನ್ನದೇ ಆದ ಹಿರಿಮೆ ಇದ್ದೀತು. ಮಗುವಿಗೆ ಮ್ಯೂಟನ್ಸ್ ಬ್ಯಾಕ್ಟೀರಿಯಾ ಅಂಟುವುದು ಬಹುಪಾಲು ತಾಯಿಯಿಂದ. ಚಮಚದಲ್ಲಿ ರುಚಿ ನೋಡಿ ಅದೇ ಚಮಚದಲ್ಲಿ ತಿನ್ನಿಸುವಾಗ, ಕಚ್ಚಿ ಮೆತ್ತಗೆ ಮಾಡಿ ಬಾಯಿಗಿಡುವಾಗ ದಾಟಿಬಿಡುತ್ತದೆ. ಫಿನ್ಲೆಂಡಿನಲ್ಲಿ ಬಾಯಲ್ಲಿ ಈ ಬ್ಯಾಕ್ಟೀರಿಯಾ ಹೆಚ್ಚಿದ್ದ ಬಾಣಂತಿಯರನ್ನು ಆರಿಸಿ, ಮಗುವಿಗೆ ಮೂರು ತಿಂಗಳಾದಾಗಿನಿಂದ ಎರಡು ವರ್ಷ ತುಂಬುವವರೆಗೆ ಕ್ಸೈಲಿಟಾಲ್ ಗಮ್ ಜಗಿಯಲು ಕೊಟ್ಟರು. ಬೇರೆ ತಾಯಂದಿರ ಹಲ್ಲಿಗೆ ಫ್ಲೋರೈಡ್ ಅಥವಾ ಕ್ಲೋರ್‌ಹೆಕ್ಸಿಡಿನ್ ಲೇಪ ಹಚ್ಚಿದರು. ಮಕ್ಕಳಿಗೆ ಎರಡು ವರ್ಷವಾದಾಗ ಪರೀಕ್ಷಿಸಿದರೆ, ಗಮ್ ಜಗಿದ ತಾಯಂದಿರ ಮಕ್ಕಳಲ್ಲಿ ನೂರಕ್ಕೆ ಹತ್ತು ಮಕ್ಕಳ ಬಾಯಲ್ಲಿ ಮಾತ್ರ ಮ್ಯೂಟನ್ಸ್ ಇತ್ತು. ಫ್ಲೋರೈಡ್ ಗುಂಪಿನಲ್ಲಿ ನೂರಕ್ಕೆ ನಲವತ್ತೆಂಟು, ಕ್ಲೋರ್‌ಹೆಕ್ಸಿಡಿನ್ ಗುಂಪಿನಲ್ಲಿ ಇಪ್ಪತ್ತೆಂಟು. ಆ ಮಕ್ಕಳಿಗೆ ಐದು ವರ್ಷವಾದಾಗ ಹುಳುಕಿನಲ್ಲೂ ಅದೇ ಅಂತರ ಉಳಿದಿತ್ತು. ಮಗು ಒಂದು ದಿನವೂ ಗಮ್ ಮುಟ್ಟಿರಲಿಲ್ಲ ಎಂಬುದನ್ನು ಗಮನಿಸಿ. ಆದರೆ ಅಲ್ಲೂ ಬೇರೆ ಸಿಹಿ ಹಾಕಿದ ಗಮ್ ಜಗಿಯುವ ತಾಯಂದಿರ ಗುಂಪು ಇರಲಿಲ್ಲ. ತುರ್ಕುವಿನ ಹಳೆಯ ತೊಡಕು ಇಲ್ಲಿಯೂ ಇಣುಕುತ್ತದೆ.

ಈಗ ಡಬ್ಬಿಯನ್ನು ತಿರುಗಿಸಿ ಹಿಂಭಾಗ ನೋಡೋಣ. ನಮ್ಮಲ್ಲಿ ಪದಾರ್ಥಗಳ ಪಟ್ಟಿಯನ್ನು ತೂಕದ ಇಳಿಕೆ ಕ್ರಮದಲ್ಲಿ ಬರೆಯಬೇಕು ಎಂಬ ನಿಯಮವಿದೆ. ಸಿಹಿಗಳ ಮುಂದೆ ಐಎನ್‌ಎಸ್ ಎಂಬ ಅಂತರರಾಷ್ಟ್ರೀಯ ಸಂಖ್ಯೆ ಇರುತ್ತದೆ. 420 ಎಂದರೆ ಸಾರ್ಬಿಟಾಲ್, 421 ಮ್ಯಾನಿಟಾಲ್, 965 ಮಾಲ್ಟಿಟಾಲ್, 967 ಕ್ಸೈಲಿಟಾಲ್. ಭೂತಗನ್ನಡಿಯಲ್ಲಿ ಓದಬೇಕಾದಷ್ಟು ಸಣ್ಣ ಅಕ್ಷರವಾದರೂ 967 ಎಲ್ಲಿದೆ ಎಂದು ಹುಡುಕಿ. ಪಟ್ಟಿಯ ಮೊದಲಲ್ಲಿ 420 ಇದ್ದು, 967 ಗಮ್ ಬೇಸ್‌ನ ಆಚೆ ಎಲ್ಲೋ ಕೊನೆಯ ಕಡೆ ಇಣುಕಿದರೆ, ಮುಂಭಾಗದ ದಪ್ಪಕ್ಷರದ ‘ಕ್ಸೈಲಿಟಾಲ್‌ಯುಕ್ತ’ ಎಂಬ ಮಾತಿಗೆ ಹೆಚ್ಚು ಬೆಲೆ ಕೊಡಬೇಕಾಗಿಲ್ಲ.

ಲೆಕ್ಕ ಹಾಕಿ ನೋಡಿದರೆ ಇದು ಇನ್ನೂ ಸ್ಪಷ್ಟ. ಬ್ಯಾಕ್ಟೀರಿಯಾ ಇಳಿಯಲು ದಿನಕ್ಕೆ ಎಷ್ಟು ಬೇಕು ಎಂದು ಅಮೆರಿಕದಲ್ಲಿ ಬೇರೆಬೇರೆ ಪ್ರಮಾಣ ಕೊಟ್ಟು ನೋಡಿದ್ದಾರೆ. ಮೂರೂವರೆ ಗ್ರಾಂಗೆ ಏನೂ ಆಗಲಿಲ್ಲ, ಏಳು ಗ್ರಾಂ ಹತ್ತಿರ ಬಂದಾಗ ಇಳಿಯಿತು, ಹತ್ತು ಗ್ರಾಂ ದಾಟಿಸಿದರೂ ಹೆಚ್ಚಿನ ಲಾಭ ಸಿಗಲಿಲ್ಲ. ಹಾಗಾಗಿ ದಿನಕ್ಕೆ ಆರು ಗ್ರಾಂ ಎಂದು ಹಿಡಿಯೋಣ. ಒಂದು ಗುಳಿಗೆ ಸುಮಾರು 1.4 ಗ್ರಾಂ ತೂಗಿ, ಅದರಲ್ಲಿ ಒಂದು ಗ್ರಾಂ ಸಿಹಿ ಇದ್ದು, ಅದೆಲ್ಲ ಕ್ಸೈಲಿಟಾಲೇ ಆಗಿದ್ದರೆ ಮೂರು ಊಟದ ನಂತರ ಎರಡೆರಡರಂತೆ ಆರು ಗುಳಿಗೆ ಸಾಕು. ಅದೇ ಗುಳಿಗೆಯಲ್ಲಿ ಕ್ಸೈಲಿಟಾಲ್ ಶೇಕಡ ಐದು ಮಾತ್ರ ಇದ್ದರೆ ತಲಾ 0.07 ಗ್ರಾಂ ಆಯಿತು. ಆರು ಗ್ರಾಂ ಮುಟ್ಟಲು ದಿನಕ್ಕೆ ಎಂಬತ್ತಕ್ಕೂ ಹೆಚ್ಚು ಗುಳಿಗೆ ಜಗಿಯಬೇಕು! ಹಾಗೆಂದು ಆ ಗಮ್ ಎಸೆಯಬೇಕಾಗಿಲ್ಲ. ಬುಡಾಪೆಸ್ಟ್ ಮಕ್ಕಳ ಹಲ್ಲಿಗೆ ಸಿಕ್ಕಿದ್ದು ನಿಮಗೂ ಸಿಗುತ್ತದೆ. ಕ್ಸೈಲಿಟಾಲ್ ಹೆಸರಿನಲ್ಲಿ ಹೆಚ್ಚಿನ ದುಡ್ಡು ಕೊಡಬೇಡಿ, ಅಷ್ಟೆ. ಹುಳಿ ಹಣ್ಣಿನ ರುಚಿಯ ಗಮ್‌ಗಳಲ್ಲಿ 330 ಎಂಬ ಸಂಖ್ಯೆ ಕಂಡರೆ ಅದು ಸಿಟ್ರಿಕ್ ಆಮ್ಲ. ಆಮ್ಲ ಓಡಿಸಲು ಆಮ್ಲ ತಂದಂತಾಗುತ್ತದೆ, ಪುದಿನದ್ದೇ ವಾಸಿ.

ಜಗಿಯುವ ಹೊತ್ತು ಯಾವುದು ಎಂಬುದಕ್ಕೆ ಸ್ಟೀಫನ್ ರೇಖೆಯಲ್ಲೇ ಉತ್ತರವಿದೆ: ತಿಂದ, ಕುಡಿದ ಕೂಡಲೇ. ಸಕ್ಕರೆರಹಿತ ಗಮ್ ಆಮ್ಲ ತಗ್ಗಿಸುತ್ತದೆ ಎಂಬ ಮಾತನ್ನು ಯುರೋಪಿನ ಆಹಾರ ಸುರಕ್ಷಾ ಪ್ರಾಧಿಕಾರ ಒಪ್ಪಿರುವುದು ಕೂಡ ತಿಂದ ಅಥವಾ ಕುಡಿದ ನಂತರ ಕನಿಷ್ಠ 20 ನಿಮಿಷ ಜಗಿದರೆ ಎಂಬ ಷರತ್ತಿನ ಮೇಲೆಯೇ. ಕಾಫಿ ಕುಡಿದು ಎರಡು ಗಂಟೆಯ ನಂತರ ಬಾಯಿವಾಸನೆಗೆಂದು ಜಗಿದರೆ ವಾಸನೆ ಹೋದೀತು, ಆಮ್ಲದ ಕೆಲಸ ಅಷ್ಟರಲ್ಲಿ ಮುಗಿದಿರುತ್ತದೆ.

ಊಟದ ಮೇಲೆ ಏನಾದರೂ ಜಗಿಯುವುದು ನಮಗೇನೂ ಹೊಸದಲ್ಲ. ಎಲೆಅಡಿಕೆ ಹಾಕಿದಾಗ ಬಾಯಿ ತುಂಬ ನೀರೂರುವುದಕ್ಕೆ ಜಗಿತದ ಜೊತೆ ಅಡಿಕೆಯ ಅರೆಕೊಲಿನ್ ಎಂಬ ಅಂಶವೂ ಕಾರಣ, ಅದು ನೇರವಾಗಿ ಗ್ರಂಥಿಗಳನ್ನು ಕೆರಳಿಸುತ್ತದೆ. ಆದರೆ ತಂಬಾಕು ಬೆರೆಸದ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿರುವಾಗ, ಮಲೆನಾಡಿನ ಬೆಳೆಗಾರರಿಗೆ ಬೇಸರವಾದರೂ, ಹಲ್ಲಿಗಾಗಿ ಅಡಿಕೆ ಜಗಿಯಿರಿ ಎನ್ನಲಾಗದು. ಹೋಟೆಲಿನ ಬಿಲ್ಲಿನ ತಟ್ಟೆಯಲ್ಲಿ ಬರುವ ಸೋಂಪಿನ ವಿಷಯ ಬೇರೆ. ಪಕ್ಕದ ಕಲ್ಲುಸಕ್ಕರೆಯನ್ನೂ ಬಣ್ಣದ ಸಕ್ಕರೆ ಲೇಪಿಸಿದ ಕಾಳನ್ನೂ ಬಿಟ್ಟು, ಬರೀ ಸೋಂಪನ್ನು ನಿಧಾನವಾಗಿ ಜಗಿದರೂ ಜೊಲ್ಲು ಊರುತ್ತದೆ. ಗಮ್‌ನಷ್ಟು ಹೊತ್ತು ಬಾಯಲ್ಲಿ ಉಳಿಯುವುದಿಲ್ಲ ಎಂಬುದೊಂದೇ ಕೊರತೆ.

ಗಮ್ ಎಲ್ಲರಿಗೂ ಅಲ್ಲ. ದವಡೆಯ ಕೀಲಿನಲ್ಲಿ ನೋವು, ಕಟಕಟ ಸದ್ದು ಇರುವವರು ದೂರವಿರಬೇಕು. ಉಗುಳಲು ತಿಳಿಯದ ಚಿಕ್ಕ ಮಕ್ಕಳಿಗೆ ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯವಿದೆ. ಇನ್ನು ಹೊಟ್ಟೆಯ ಮಾತು. ಈ ಸಿಹಿಗಳು ಸಣ್ಣ ಕರುಳಿನಲ್ಲಿ ಪೂರ್ತಿ ಹೀರಿಕೆಯಾಗದೆ, ನೀರು ಎಳೆದುಕೊಂಡು ದೊಡ್ಡ ಕರುಳಿಗಿಳಿಯುತ್ತವೆ. ಹೊಟ್ಟೆ ಉಬ್ಬರಿಸಿ ಭೇದಿಯಾಗುವ ಸಂಭವವಿದೆ ಎಂದು ಡಬ್ಬಿಯ ಮೇಲೆ ಎಚ್ಚರಿಕೆ ಇರುವುದು ಅದಕ್ಕೇ. 2008ರಲ್ಲಿ ಬರ್ಲಿನ್‌ನ ವೈದ್ಯರು ವರದಿ ಮಾಡಿದ ಪ್ರಕರಣವೊಂದರಲ್ಲಿ ಇಪ್ಪತ್ತೊಂದು ವರ್ಷದ ಯುವತಿ ತಿಂಗಳುಗಟ್ಟಲೆ ಭೇದಿಯಿಂದ ಹನ್ನೊಂದು ಕಿಲೋ ಇಳಿದಿದ್ದಳು. ಎಲ್ಲ ಪರೀಕ್ಷೆಗಳ ನಂತರ ಹೊರಬಿದ್ದ ಕಾರಣ, ದಿನಕ್ಕೆ ಹದಿನೈದಕ್ಕೂ ಹೆಚ್ಚು ಸಾರ್ಬಿಟಾಲ್ ಗಮ್ ಜಗಿಯುವ ಚಟ. ಬಿಟ್ಟ ಮೇಲೆ ಭೇದಿ ನಿಂತಿತು. 2024ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನವರು, ರಕ್ತದಲ್ಲಿ ಕ್ಸೈಲಿಟಾಲ್ ಹೆಚ್ಚಿರುವವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚು ಎಂದು ವರದಿ ಮಾಡಿದರು. ಅವರು ಆರೋಗ್ಯವಂತರಿಗೆ ಕುಡಿಸಿ ರಕ್ತ ಪರೀಕ್ಷಿಸಿದ್ದು ಒಂದೇ ಸಲಕ್ಕೆ 30 ಗ್ರಾಂ. ಒಂದು ಗುಳಿಗೆಯಲ್ಲಿರುವುದು ಒಂದು ಗ್ರಾಂ ಅಥವಾ ಅದಕ್ಕೂ ಕಡಿಮೆ. ಮನೆಯಲ್ಲಿ ನಾಯಿ ಇದ್ದರೆ ಮಾತ್ರ ಡಬ್ಬಿಯನ್ನು ಎತ್ತರದಲ್ಲಿಡಿ. ಮನುಷ್ಯರಿಗೆ ನಿರುಪದ್ರವಿಯಾದ ಕ್ಸೈಲಿಟಾಲ್ ನಾಯಿಯ ಮೈಯಲ್ಲಿ ಇನ್ಸುಲಿನ್ ಉಕ್ಕಿಸಿ, ರಕ್ತದ ಸಕ್ಕರೆ ಕುಸಿಯುವಂತೆ ಮಾಡುತ್ತದೆ. ಹತ್ತು ಕಿಲೋ ತೂಕದ ನಾಯಿಗೆ ಒಂದು ಗ್ರಾಂ ಸಾಕು.

ಇದರಿಂದ ಎಲ್ಲರಿಗಿಂತ ಹೆಚ್ಚು ಉಪಯೋಗ ಯಾರಿಗೆ ಎಂದರೆ ಬಾಯಿ ಒಣಗುವವರಿಗೆ. ಶೀತ ಅಲರ್ಜಿಯ ಮಾತ್ರೆ, ಖಿನ್ನತೆಯ ಮಾತ್ರೆ, ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳು ಜೊಲ್ಲನ್ನು ಬತ್ತಿಸುತ್ತವೆ. ಅವಲಕ್ಕಿಯಂಥ ಒಣ ತಿಂಡಿ ನುಂಗಲು ಪ್ರತಿ ತುತ್ತಿಗೂ ನೀರು ಬೇಕಾದರೆ, ರಾತ್ರಿ ನಾಲಿಗೆ ಅಂಗುಳಕ್ಕೆ ಅಂಟಿ ಎಚ್ಚರವಾಗುತ್ತಿದ್ದರೆ, ಒಸಡಿನ ಅಂಚಿನಲ್ಲಿ ಒಂದರ ಹಿಂದೊಂದು ಹುಳುಕು ಕಾಣಿಸಿಕೊಂಡರೆ ದಂತವೈದ್ಯರಿಗೆ ಹೇಳಬೇಕು. ಪರೀಕ್ಷೆ ಸರಳ: ರುಚಿಯಿಲ್ಲದ ಮೇಣದ ತುಂಡೊಂದನ್ನು ಐದು ನಿಮಿಷ ಜಗಿಯುತ್ತ, ಬಂದ ಜೊಲ್ಲನ್ನೆಲ್ಲ ಅಳತೆಯ ನಳಿಕೆಗೆ ಉಗುಳುವುದು. ಐದು ನಿಮಿಷಕ್ಕೆ ಮೂರೂವರೆ ಮಿಲಿಲೀಟರಿಗಿಂತ ಕಡಿಮೆ ಬಂದರೆ ಹರಿವು ಕಡಿಮೆ ಎಂದರ್ಥ. ಸುಮ್ಮನಿರುವಾಗ ಬಾಯಿ ಒಣಗಿದರೂ ಜಗಿದಾಗ ನಳಿಕೆ ತುಂಬುವವರಿಗೆ ಗ್ರಂಥಿಗಳು ಸರಿಯಿವೆ, ಗಮ್ ಅವರಿಗೆ ನೆರವಾಗುತ್ತದೆ. ಬಾಯಿ ಗಂಟಲಿನ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಪಡೆದು ಗ್ರಂಥಿಗಳೇ ಸುಟ್ಟುಹೋದವರು ಎಷ್ಟು ಜಗಿದರೂ ಊರಲು ಅಲ್ಲಿ ಏನೂ ಉಳಿದಿರುವುದಿಲ್ಲ. ಅವರಿಗೆ ಕೃತಕ ಜೊಲ್ಲು ಮತ್ತು ವೈದ್ಯರು ಬರೆದುಕೊಡುವ ಹೆಚ್ಚು ಫ್ಲೋರೈಡಿನ ಪೇಸ್ಟೇ ಗತಿ.

ಆರೋಗ್ಯವಂತರಲ್ಲೂ ನಿದ್ದೆಯಲ್ಲಿ ಜೊಲ್ಲು ಹೆಚ್ಚುಕಡಿಮೆ ನಿಂತುಹೋಗುತ್ತದೆ. ಆ ಏಳೆಂಟು ಗಂಟೆ ಗಮ್ ಉಪಯೋಗಕ್ಕೆ ಬಾರದು. ಹಲ್ಲಿನ ಸಂದುಗಳಲ್ಲಿ ಸಿಕ್ಕಿಕೊಂಡ ಪ್ಲಾಕ್ ಕೂಡ ಜಗಿತಕ್ಕೆ ಕಳಚುವುದಿಲ್ಲ. ಅದಕ್ಕೆ ಮಲಗುವ ಮೊದಲು ಫ್ಲೋರೈಡ್ ಪೇಸ್ಟಿನಿಂದ ಹಲ್ಲುಜ್ಜಿ, ಬಾಯಿಗೆ ನೀರು ಹಾಕಿ ಮುಕ್ಕಳಿಸದೆ ನೊರೆಯನ್ನಷ್ಟೇ ಉಗಿದು ಮಲಗಬೇಕು. ಉಳಿದ ತೆಳು ಲೇಪದ ಫ್ಲೋರೈಡ್ ರಾತ್ರಿಯಿಡೀ ಎನಾಮಲ್ ಪಕ್ಕದಲ್ಲೇ ಇರುತ್ತದೆ.